ಲೀನ್ ಪತ್ರದಲ್ಲಿ ಇರಬೇಕಾದ ಒಂದು ‘ಮಾತ್ರ’

ಮಂಡ್ಯದ ಗುತ್ತಿಗೆದಾರರೊಬ್ಬರು ಮೈಸೂರಿನ ನಮ್ಮ ಆಫೀಸಿಗೆ ಬಂದಿದ್ದರು. ನಾಲೆ ದುರಸ್ತಿ ಕೆಲಸ ಸಿಕ್ಕಿತ್ತು. ಇಲಾಖೆಗೆ 8 ಲಕ್ಷ ರೂಪಾಯಿಯ ಬ್ಯಾಂಕ್ ಗ್ಯಾರಂಟಿ ಕೊಡಬೇಕಿತ್ತು. ಬ್ಯಾಂಕು 25 ಪರ್ಸೆಂಟ್ ಮಾರ್ಜಿನ್ ಕೇಳಿತ್ತು, ಅಂದರೆ 2 ಲಕ್ಷದ ಎಫ್‌ಡಿ. ಆ ಎಫ್‌ಡಿ ಇದ್ದದ್ದು ಅವರ ಮತ್ತು ಅವರ ಹೆಂಡತಿಯ ಜಂಟಿ ಹೆಸರಿನಲ್ಲಿ. ಅದರ ಮೇಲೆ ಬ್ಯಾಂಕಿಗೆ ಲೀನ್, ಅಂದರೆ ಬಾಕಿ ತೀರುವವರೆಗೆ ಹಿಡಿದಿಟ್ಟುಕೊಳ್ಳುವ ಹಕ್ಕು, ಕೊಡುವ ಪತ್ರವನ್ನು ತಂದಿದ್ದರು.

“ಬ್ಯಾಂಕಿನ ಫಾರಂ ಅಲ್ವಾ ಸಾರ್, ಸುಮ್ನೆ ಒಂದ್ಸಲ ನೋಡಿ. ನಾಳೆ ಇಬ್ಬರೂ ಸೈನ್ ಹಾಕ್ತೀವಿ” ಎಂದರು.

ಪತ್ರದ ಎರಡನೇ ಪ್ಯಾರಾದಲ್ಲೇ ನಾನು ನಿಂತೆ. ಈ ಠೇವಣಿ ಗ್ಯಾರಂಟಿಗೆ ಭದ್ರತೆ ಎಂದು ಶುರುವಾದ ವಾಕ್ಯ, ‘ಹಾಗೂ ಗ್ರಾಹಕರು ಯಾವುದೇ ಖಾತೆಯಲ್ಲಿ ಈಗ ಅಥವಾ ಮುಂದೆ ಕೊಡಬೇಕಾಗುವ ಎಲ್ಲ ಬಾಕಿಗೆ’ ಎಂದು ಮುಗಿದಿತ್ತು. ಇವರಿಗೆ ಅದೇ ಶಾಖೆಯಲ್ಲಿ ಒಂದು ಓವರ್‌ಡ್ರಾಫ್ಟ್, ಅಂದರೆ ಓಡಿ ಸಾಲದ ಖಾತೆಯೂ ಇದೆ. ನಾಲೆ ಕೆಲಸ ಚೆನ್ನಾಗಿ ಮುಗಿದು, ಗ್ಯಾರಂಟಿ ವಾಪಸ್ ಬಂದರೂ, ಓಡಿಯಲ್ಲಿ ಬಾಕಿ ಇದ್ದರೆ ಬ್ಯಾಂಕು ಈ ಎಫ್‌ಡಿಯನ್ನು ಹಿಡಿದಿಟ್ಟುಕೊಳ್ಳಬಹುದು. ಆ ಓಡಿಗೂ ಹೆಂಡತಿಗೂ ಸಂಬಂಧವಿಲ್ಲ. ಆದರೆ ಈ ಪತ್ರಕ್ಕೆ ಸೈನ್ ಹಾಕಿದರೆ ಅವರ ದುಡ್ಡೂ ಅದಕ್ಕೆ ಸಿಕ್ಕಿಕೊಳ್ಳುತ್ತದೆ.

ಇದು ಬರೀ ನನ್ನ ಭಯ ಅಲ್ಲ. ಗ್ಯಾರಂಟಿಗೆ ಕೊಟ್ಟ ಎಫ್‌ಡಿಯನ್ನು ಬೇರೆ ಬಾಕಿಗೆ ಹಿಡಿಯಬಹುದೇ ಎಂಬ ಪ್ರಶ್ನೆ ಸಿಂಡಿಕೇಟ್ ಬ್ಯಾಂಕ್ ಮತ್ತು ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅಲ್ಲೂ ಗ್ರಾಹಕರು ಇಂಥದ್ದೇ ಪತ್ರ ಬರೆದುಕೊಟ್ಟಿದ್ದರು. 1992ರಲ್ಲಿ ತೀರ್ಪು ಬ್ಯಾಂಕಿನ ಪರ ಬಂತು.

ಹಾಗಂತ ದಾರಿ ಇಲ್ಲದೆ ಇಲ್ಲ. ಬ್ಯಾಂಕಿಗೆ ಸಾಮಾನ್ಯ ಲೀನ್ ಹಕ್ಕು ಕೊಡುವುದು ಕರಾರು ಕಾಯ್ದೆಯ 171ನೇ ಸೆಕ್ಷನ್. ಬೇರೆ ರೀತಿ ಒಪ್ಪಂದ ಇಲ್ಲದಿದ್ದಾಗ ಮಾತ್ರ ಆ ಹಕ್ಕು ಎಂದು ಅದೇ ಸೆಕ್ಷನ್ ಹೇಳುತ್ತದೆ. ಆದ್ದರಿಂದ ಸುಮ್ಮನೆ ‘ಎಲ್ಲ ಬಾಕಿಗೆ’ ಎಂಬುದನ್ನು ಹೊಡೆದುಹಾಕಿದರೆ ಸಾಲದು. ‘ಈ ಗ್ಯಾರಂಟಿಯ ಹೊಣೆ ಮತ್ತು ಅದರ ಕಮಿಷನ್, ಖರ್ಚಿಗೆ ಮಾತ್ರ, ಬೇರೆ ಯಾವ ಬಾಕಿಗೂ ಈ ಠೇವಣಿಯ ಮೇಲೆ ಬ್ಯಾಂಕು ಲೀನ್ ಅಥವಾ ಹೊಂದಾಣಿಕೆಯ ಹಕ್ಕು ಚಲಾಯಿಸುವುದಿಲ್ಲ’ ಎಂದು ಬರೆಸಬೇಕು.

ಇನ್ನು ತಾರೀಖು. ಗ್ಯಾರಂಟಿ ಮುಗಿಯುವುದು 30 ಜೂನ್ 2027ಕ್ಕೆ. ಕ್ಲೇಮ್ ಮಾಡಲು ಇಲಾಖೆಗೆ 30 ಜೂನ್ 2028ರವರೆಗೆ ಅವಕಾಶ. ಇವರು ಮೊದಲನೇ ತಾರೀಖು ನೋಡಿ ದುಡ್ಡಿನ ಲೆಕ್ಕ ಹಾಕಿದ್ದರು. ಲೀನ್ ಇರುವುದು ಎರಡನೇ ತಾರೀಖಿನವರೆಗೆ. ಎಫ್‌ಡಿಯೋ ಒಂದೇ ವರ್ಷದ್ದು. ಅವಧಿ ಮುಗಿದ ಮೇಲೆ ನವೀಕರಿಸದೆ ಬಿಟ್ಟ ಎಫ್‌ಡಿಗೆ, ಉಳಿತಾಯ ಖಾತೆಯ ಬಡ್ಡಿ ಅಥವಾ ಮೊದಲು ಒಪ್ಪಿದ ಬಡ್ಡಿ, ಇವೆರಡರಲ್ಲಿ ಕಡಿಮೆ ಯಾವುದೋ ಅದೇ ಸಿಗುತ್ತದೆ. 2021ರಿಂದ ಇದು ರಿಸರ್ವ್ ಬ್ಯಾಂಕಿನ ನಿಯಮ. ಹಾಗಾಗಿ ತಾನಾಗೇ ನವೀಕರಣ ಆಗಬೇಕು ಎಂಬ ಸೂಚನೆಯನ್ನು ಪತ್ರದಲ್ಲೇ ಸೇರಿಸಿದೆವು. ಬಡ್ಡಿಗೂ ಲೀನ್ ಇದೆಯೇ, ಅಥವಾ ಅದು ಇವರ ಖಾತೆಗೆ ಬರುತ್ತದೆಯೇ ಎಂಬುದನ್ನೂ ಸ್ಪಷ್ಟ ಮಾಡಿಸಿದೆವು.

ಜಾಸ್ತಿ ಹೊತ್ತು ಹಿಡಿದದ್ದು ಬಿಡುಗಡೆಯ ಷರತ್ತು. ಫಾರಂನಲ್ಲಿ ಇದ್ದದ್ದು ಇಷ್ಟು: ‘ಮೂಲ ಗ್ಯಾರಂಟಿ ವಾಪಸ್ ಬಂದು, ಬ್ಯಾಂಕಿಗೆ ತೃಪ್ತಿಯಾದ ಮೇಲೆ ಲೀನ್ ತೆಗೆಯಲಾಗುವುದು.’ ಮೂಲ ಪ್ರತಿ ಇರುವುದು ಇಲಾಖೆಯ ಫೈಲಿನಲ್ಲಿ. ಎಂಜಿನಿಯರ್‌ಗೆ ವರ್ಗಾವಣೆ ಆದರೆ, ಫೈಲು ಇನ್ನೊಂದು ಕಚೇರಿಗೆ ಹೋದರೆ, ಗುತ್ತಿಗೆದಾರರು ಅಲೆಯುತ್ತಲೇ ಇರಬೇಕು. ನನ್ನ ಕಕ್ಷಿದಾರರೊಬ್ಬರ ಎಫ್‌ಡಿ ಹೀಗೆ, ಕ್ಲೇಮ್ ಅವಧಿ ಮುಗಿದ ಮೇಲೂ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡಿತ್ತು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಆದ್ದರಿಂದ ನಾವು ಮೂರು ಬಾಗಿಲು ತೆರೆದಿಟ್ಟೆವು. ಮೂಲ ಪ್ರತಿ ವಾಪಸ್ ಬರಲಿ, ಅಥವಾ ಇಲಾಖೆ ‘ನಮ್ಮ ಹಕ್ಕು ಮುಗಿದಿದೆ’ ಎಂದು ಪತ್ರ ಕೊಡಲಿ, ಅಥವಾ ಲಿಖಿತ ಕ್ಲೇಮ್ ಬರದೆ ಕ್ಲೇಮ್ ಅವಧಿ ಮುಗಿಯಲಿ. ಯಾವುದು ಮೊದಲಾದರೂ ಏಳು ಕೆಲಸದ ದಿನದೊಳಗೆ ಲೀನ್ ತೆಗೆಯಬೇಕು. ‘ತೃಪ್ತಿ’ ಎಂಬ ಪದ ತೆಗೆಸಿದೆವು. ಎರಡು ಅಪವಾದ ಬ್ಯಾಂಕಿಗೆ ನ್ಯಾಯವಾಗಿಯೇ ಬೇಕು. ಇವರ ಕೋರಿಕೆಯಂತೆ ಗ್ಯಾರಂಟಿ ಅವಧಿ ವಿಸ್ತರಣೆ ಆದರೆ ಲೀನ್ ಕೂಡ ಮುಂದುವರಿಯುತ್ತದೆ. ಅವಧಿಯೊಳಗೆ ಕ್ಲೇಮ್ ಬಂದಿದ್ದರೆ, ಅದು ಇತ್ಯರ್ಥ ಆಗುವವರೆಗೆ ದುಡ್ಡು ಬಿಡುವುದಿಲ್ಲ.

ಅಚ್ಚಾದ ಫಾರಂ ತಿದ್ದಲು ತನಗೆ ಅಧಿಕಾರ ಇಲ್ಲ ಎಂದು ಶಾಖೆ ಹೇಳಿತು. ಅದು ನಿಜವೇ. ಆಗ ಈ ಷರತ್ತುಗಳನ್ನು ಸ್ಯಾಂಕ್ಷನ್ ಲೆಟರ್‌ನಲ್ಲಿ ಸೇರಿಸಿ, ‘ಫಾರಂಗೂ ಇದಕ್ಕೂ ವ್ಯತ್ಯಾಸ ಬಂದರೆ ಇದೇ ಅಂತಿಮ’ ಎಂದು ಬರೆದುಕೊಡಲು ಕೇಳಿದೆವು. ಮೇಲಿನ ಕಚೇರಿಯಿಂದ ಒಪ್ಪಿಗೆ ಬರಲು ನಾಲ್ಕು ದಿನ ಹಿಡಿಯಿತು. ಇಲಾಖೆಯಲ್ಲಿ ಒಂದು ವಾರ ಸಮಯ ಕೇಳಿದ್ದರಿಂದ ತೊಂದರೆ ಆಗಲಿಲ್ಲ. ಪತ್ರ ಕೈಗೆ ಬಂದ ಮೇಲೆ ಇವರ ಹೆಂಡತಿ ಅದನ್ನು ಪೂರ್ತಿ ಓದಿ, ಓಡಿಯ ವಿಷಯ ಎಲ್ಲಿದೆ ಎಂದು ಕೇಳಿ, ಆ ಸಾಲಿನ ಮೇಲೆ ಬೆರಳಿಟ್ಟು ನೋಡಿ, ಆಮೇಲೆ ಸೈನ್ ಹಾಕಿದರು.