ಗ್ಯಾಂಟ್ ಚಾರ್ಟ್ ಸರಿಯಿದ್ದರೂ ವೇಟಿಂಗ್ ಟೈಮ್ ತಪ್ಪಾಗುವುದೇಕೆ?

ಪ್ರಶ್ನೆ: ಆಪರೇಟಿಂಗ್ ಸಿಸ್ಟಮ್ ಪರೀಕ್ಷೆಯಲ್ಲಿ ಎಸ್‌ಜೆಎಫ್ ಶೆಡ್ಯೂಲಿಂಗ್, ಅಂದರೆ ಚಿಕ್ಕ ಕೆಲಸಕ್ಕೆ ಮೊದಲು ಸಿಪಿಯು ಕೊಡುವ ಕ್ರಮದ, ಲೆಕ್ಕ ಬಂದಿತ್ತು. ಸರಾಸರಿ ವೇಟಿಂಗ್ ಟೈಮ್ ನನಗೆ 7 ಬಂತು, ನನ್ನ ಗೆಳತಿಗೆ 4 ಬಂತು. ಇಬ್ಬರ ಉತ್ತರವೂ ತಪ್ಪು ಎಂದು ಗುರುತು ಹಾಕಿದ್ದಾರೆ. ಕೂಡುವುದರಲ್ಲಿ, ಭಾಗಿಸುವುದರಲ್ಲಿ ಇಬ್ಬರೂ ತಪ್ಪಿಲ್ಲ. ಹಾಗಾದರೆ ತಪ್ಪಿದ್ದೆಲ್ಲಿ?

ಉತ್ತರ: ಇಬ್ಬರೂ ಅರೈವಲ್ ಟೈಮ್ ಅನ್ನು, ಅಂದರೆ ಪ್ರೊಸೆಸ್ ಬಂದು ಸೇರಿದ ಸಮಯವನ್ನು, ಬಿಟ್ಟಿದ್ದೀರಿ. ಆದರೆ ಬಿಟ್ಟ ಜಾಗ ಬೇರೆ ಬೇರೆ. ನಿಮ್ಮ ಗೆಳತಿ ಗ್ಯಾಂಟ್ ಚಾರ್ಟನ್ನು, ಅಂದರೆ ಯಾವ ಪ್ರೊಸೆಸ್ ಯಾವಾಗ ಓಡುತ್ತದೆ ಎಂಬುದರ ಚಿತ್ರವನ್ನು, ಬಿಡಿಸುವಾಗಲೇ ಆ ಸಮಯವನ್ನು ಮರೆತರು. ನೀವು ಚಾರ್ಟನ್ನು ಸರಿಯಾಗಿ ಬಿಡಿಸಿ, ಅದರಿಂದ ಕಾಯುವ ಸಮಯವನ್ನು ಓದುವಾಗ ಮರೆತಿರಿ. ಉತ್ತರ ಪತ್ರಿಕೆಗಳನ್ನು ತಿದ್ದುವಾಗ ಈ ಎರಡು ತಪ್ಪುಗಳು ನನಗೆ ಎದುರಾಗುತ್ತಲೇ ಇರುತ್ತವೆ. ವಿದ್ಯಾರ್ಥಿ ಇಡೀ ಲೆಕ್ಕವನ್ನು ಅಚ್ಚುಕಟ್ಟಾಗಿ ಮಾಡಿ, ಒಂದೇ ಒಂದು ಕಳೆಯುವ ಹೆಜ್ಜೆಯನ್ನು ಬಿಟ್ಟು ಅಂಕ ಕಳೆದುಕೊಳ್ಳುವುದನ್ನು ನೋಡಿದಾಗ ಬೇಸರವಾಗುತ್ತದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಈ ಅಭ್ಯಾಸ ಅಂಟಿಕೊಳ್ಳುವುದು ತರಗತಿಯ ಮೊದಲ ಉದಾಹರಣೆಯಿಂದ. ಎಫ್‌ಸಿಎಫ್‌ಎಸ್, ಅಂದರೆ ಮೊದಲು ಬಂದವರಿಗೆ ಮೊದಲು ಸಿಪಿಯು ಎಂಬ ಕ್ರಮವನ್ನು, ಕಲಿಸುವಾಗ ಸಾಮಾನ್ಯವಾಗಿ 24, 3, 3 ಮಿಲಿಸೆಕೆಂಡು ಬರ್ಸ್ಟ್, ಅಂದರೆ ಸಿಪಿಯು ಬೇಕಾದ ಹೊತ್ತು, ಇರುವ ಮೂರು ಪ್ರೊಸೆಸ್‌ಗಳನ್ನು ಕೊಡುತ್ತಾರೆ. ಮೂರೂ 0 ಸಮಯಕ್ಕೇ ಬಂದಿರುತ್ತವೆ. ಅವು ಚಾರ್ಟಿನಲ್ಲಿ 0, 24, 27ಕ್ಕೆ ಶುರುವಾಗುತ್ತವೆ, ಕಾದ ಸಮಯವೂ ಅದೇ 0, 24, 27, ಸರಾಸರಿ 17. ಇಲ್ಲಿ ‘ಶುರುವಾದ ಸಮಯವೇ ಕಾದ ಸಮಯ’ ಎಂಬ ನಿಯಮ ಮನಸ್ಸಿನಲ್ಲಿ ಕುಳಿತುಬಿಡುತ್ತದೆ. ಅದು ನಿಯಮವಲ್ಲ. ಎಲ್ಲರೂ 0ಗೆ ಬಂದಿದ್ದರಿಂದ, ಕಳೆಯಬೇಕಾದ ಸಂಖ್ಯೆ ಸೊನ್ನೆಯಾಗಿ ಕಣ್ಣಿಗೆ ಬೀಳಲಿಲ್ಲ, ಅಷ್ಟೆ.

ಒಂಬತ್ತು ಗಂಟೆಗೆ ದವಾಖಾನೆ ತೆರೆಯುತ್ತದೆ ಎಂದುಕೊಳ್ಳಿ. ನೀವು ಹತ್ತಕ್ಕೆ ಹೋದಿರಿ, ಹತ್ತೂವರೆಗೆ ಡಾಕ್ಟರು ಒಳಗೆ ಕರೆದರು. ನೀವು ಕಾದದ್ದು ಅರ್ಧ ಗಂಟೆ. ಬಾಗಿಲು ತೆರೆದ ಹೊತ್ತಿನಿಂದ ಎಣಿಸಿ ಒಂದೂವರೆ ಗಂಟೆ ಕಾದೆ ಎಂದು ಯಾರೂ ಹೇಳುವುದಿಲ್ಲ. ಪ್ರೊಸೆಸ್‌ನ ವೇಟಿಂಗ್ ಟೈಮ್ ಕೂಡ ಹೀಗೆಯೇ: ಅದು ರೆಡಿ ಕ್ಯೂಗೆ ಬಂದು ಸೇರಿದ ಮೇಲೆ ಸಿಪಿಯು ಸಿಗದೆ ಅಲ್ಲಿ ಕಳೆದ ಹೊತ್ತು ಮಾತ್ರ. ಬರುವುದಕ್ಕೆ ಮೊದಲಿನ ಹೊತ್ತು ಅದರ ಲೆಕ್ಕಕ್ಕೆ ಸೇರದು.

ನಿಮಗೆ 7, ಗೆಳತಿಗೆ 4 ಬರುವಂಥ ಒಂದು ಲೆಕ್ಕವನ್ನೇ ತೆಗೆದುಕೊಳ್ಳೋಣ. ಸಮಯವೆಲ್ಲ ಮಿಲಿಸೆಕೆಂಡುಗಳಲ್ಲಿದೆ.

```
ಪ್ರೊಸೆಸ್   ಆಗಮನ   ಬರ್ಸ್ಟ್
P1         0       7
P2         1       4
P3         2       2
P4         5       3
```

ಕ್ರಮ ಎಸ್‌ಜೆಎಫ್, ನಾನ್‌ಪ್ರೀಎಂಪ್ಟಿವ್. ಅಂದರೆ ಒಮ್ಮೆ ಸಿಪಿಯು ಹಿಡಿದ ಪ್ರೊಸೆಸ್ ತನ್ನ ಕೆಲಸ ಮುಗಿಸಿಯೇ ಬಿಡುತ್ತದೆ.

ಮೊದಲು ಗೆಳತಿಯ ದಾರಿ. ಅವರು ಬರ್ಸ್ಟ್ ಕಾಲಮ್ಮನ್ನು ಮಾತ್ರ ನೋಡಿ, ಚಿಕ್ಕದರಿಂದ ದೊಡ್ಡದಕ್ಕೆ P3, P4, P2, P1 ಎಂದು ಜೋಡಿಸಿದ್ದಾರೆ.

```
| P3 | P4 | P2 | P1 |
0    2    5    9    16
```

ಶುರುವಾದ ಸಮಯಗಳು 0, 2, 5, 9. ಕೂಡಿದರೆ 16, ಸರಾಸರಿ 4. ನೋಡಲು ಎಲ್ಲವೂ ಸರಿಯಾಗಿದೆ. ಆದರೆ P3 ಬರುವುದು 2ಕ್ಕೆ. ಈ ಚಾರ್ಟಿನಲ್ಲಿ ಅದು 0ಗೆ ಶುರುವಾಗಿ, ತಾನು ಬರುವ ಹೊತ್ತಿಗೆ ಕೆಲಸವನ್ನೇ ಮುಗಿಸಿದೆ! 5ಕ್ಕೆ ಬರಬೇಕಾದ P4 ಕೂಡ 2ಕ್ಕೇ ಶುರುವಾಗಿದೆ. ಇನ್ನೂ ಬಾರದ ಪ್ರೊಸೆಸ್ ಇದೆ ಎಂಬುದೇ ಸಿಪಿಯುಗೆ ಗೊತ್ತಿರುವುದಿಲ್ಲ, ಅದನ್ನು ಆರಿಸುವುದಾದರೂ ಹೇಗೆ?

ಇದನ್ನು ನೀವೇ ಹಿಡಿಯುವ ಉಪಾಯವಿದೆ. ಪ್ರತಿ ಪ್ರೊಸೆಸ್ ಶುರುವಾದ ಸಮಯದಿಂದ ಅದರ ಆಗಮನವನ್ನು ಕಳೆಯಿರಿ. ಇಲ್ಲಿ P3ಗೆ −2, P4ಗೆ −3 ಬರುತ್ತದೆ. ಕಾಯುವ ಸಮಯ ಸೊನ್ನೆಗಿಂತ ಕಡಿಮೆಯಾಗಲು ಸಾಧ್ಯವೇ ಇಲ್ಲ. ಎಲ್ಲಾದರೂ ಮೈನಸ್ ಕಂಡರೆ ದೋಷ ಕಳೆಯುವುದರಲ್ಲಿ ಇಲ್ಲ, ಚಾರ್ಟಿನಲ್ಲಿದೆ. ಆದರೆ ಒಂದು ಎಚ್ಚರಿಕೆ: ಒಂದೊಂದು ಪ್ರೊಸೆಸ್‌ನ ಸಂಖ್ಯೆಯನ್ನೂ ಬೇರೆ ಬೇರೆ ನೋಡಬೇಕು. P1ರ 9, P2ರ 4 ಇವುಗಳ ಜೊತೆ ಆ ಮೈನಸ್‌ಗಳನ್ನೂ ಸೇರಿಸಿ ಕೂಡಿದರೆ 8, ಸರಾಸರಿ 2 ಎಂದು ಒಳ್ಳೆಯ ಉತ್ತರದಂತೆಯೇ ಕಾಣುತ್ತದೆ, ತಪ್ಪು ಒಳಗೇ ಅಡಗಿ ಕೂರುತ್ತದೆ. ಕೆಲವರು ಮೈನಸ್ ಚಿಹ್ನೆಯನ್ನು ಸದ್ದಿಲ್ಲದೆ ಅಳಿಸಿ 2, 3 ಎಂದು ಬರೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಆ ಚಿಹ್ನೆ ನಿಮಗೆ ಸಹಾಯ ಮಾಡಲೆಂದೇ ಬಂದಿದೆ.

ಸರಿಯಾದ ಚಾರ್ಟ್ ಬಿಡಿಸಲು, ಸಿಪಿಯು ಖಾಲಿಯಾದ ಪ್ರತಿ ಸಲವೂ ಎರಡು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳಬೇಕು. ಈ ಹೊತ್ತಿಗೆ ಯಾರು ಯಾರು ಬಂದಿದ್ದಾರೆ? ಬಂದವರಲ್ಲಿ ಯಾರ ಬರ್ಸ್ಟ್ ಚಿಕ್ಕದು? ಗೆಳತಿ ಎರಡನೆಯದನ್ನು ಮಾತ್ರ ಕೇಳಿದ್ದರು. 0ರಲ್ಲಿ ಬಂದಿರುವುದು P1 ಒಂದೇ. ಅದರ ಬರ್ಸ್ಟ್ ಎಲ್ಲಕ್ಕಿಂತ ದೊಡ್ಡದಾದರೂ ಬೇರೆ ಆಯ್ಕೆಯಿಲ್ಲ, 7ರವರೆಗೆ ಅದೇ ಓಡುತ್ತದೆ. 7ರ ಹೊತ್ತಿಗೆ ಉಳಿದ ಮೂರೂ ಬಂದು ಕುಳಿತಿವೆ. ಇನ್ನು ಮುಂದೆ ಚಿಕ್ಕದು ಮೊದಲು.

```
| P1 | P3 | P4 | P2 |
0    7    9    12   16
```

ನೀವು ಬಿಡಿಸಿದ್ದು ಇದನ್ನೇ. ಚಾರ್ಟಿಗೆ ಪೂರ್ತಿ ಅಂಕ ಸಲ್ಲಬೇಕು. ಆದರೆ ಆಮೇಲೆ ನೀವು 0, 7, 9, 12 ಕೂಡಿ 28, ಸರಾಸರಿ 7 ಎಂದಿರಿ. ಅವು ಶುರುವಾದ ಸಮಯಗಳು, ಕಾದ ಸಮಯಗಳಲ್ಲ. ಆಗಮನ ಕಳೆದಾಗ P1 ಕಾದದ್ದು 0, P3 ಕಾದದ್ದು 7 − 2 = 5, P4 ಕಾದದ್ದು 9 − 5 = 4, P2 ಕಾದದ್ದು 12 − 1 = 11. ಒಟ್ಟು 20, ಸರಾಸರಿ 5. ಇದೇ ಸರಿಯಾದ ಉತ್ತರ.

ನಿಮ್ಮ 7ಕ್ಕೂ ಸರಿಯಾದ 5ಕ್ಕೂ ನಡುವಿನ ಅಂತರ 2. ಆಗಮನ ಸಮಯಗಳಾದ 0, 1, 2, 5 ಇವುಗಳ ಸರಾಸರಿಯೂ 2. ಇದು ಆಕಸ್ಮಿಕವಲ್ಲ. ಚಾರ್ಟ್ ಸರಿಯಿದ್ದು ಕಳೆಯುವುದನ್ನು ಮಾತ್ರ ಮರೆತರೆ, ಉತ್ತರ ಯಾವಾಗಲೂ ಆಗಮನಗಳ ಸರಾಸರಿಯಷ್ಟೇ ಹೆಚ್ಚಾಗಿ ಬರುತ್ತದೆ. ನಿಮ್ಮ ಉತ್ತರ ಪುಸ್ತಕದ ಉತ್ತರಕ್ಕಿಂತ ಅಷ್ಟೇ ಹೆಚ್ಚಿದ್ದರೆ, ಚಾರ್ಟನ್ನು ಅಳಿಸಿ ಮತ್ತೆ ಬಿಡಿಸುವ ಅಗತ್ಯವಿಲ್ಲ.

ಪುಸ್ತಕದ ಉತ್ತರ ಕಣ್ಣ ಮುಂದೆ ಇಲ್ಲದ ಪರೀಕ್ಷಾ ಕೊಠಡಿಯಲ್ಲಿ ಒರೆಹಚ್ಚಿ ನೋಡಲು ಇನ್ನೊಂದು ದಾರಿ ಇದೆ. ನನಗೆ ಇದು ತುಂಬ ಇಷ್ಟ, ಏಕೆಂದರೆ ಇದರಲ್ಲಿ ಸೂತ್ರವೇ ಬೇಡ. ಚಾರ್ಟಿನ ಉದ್ದಕ್ಕೂ ನಡೆಯುತ್ತಾ, ಪ್ರತಿ ತುಂಡಿನಲ್ಲಿ ಎಷ್ಟು ಪ್ರೊಸೆಸ್‌ಗಳು ಬಂದು ಸುಮ್ಮನೆ ಕುಳಿತಿವೆ ಎಂದು ಎಣಿಸಿ, ಅದನ್ನು ಆ ತುಂಡಿನ ಉದ್ದದಿಂದ ಗುಣಿಸಿ. 0ರಿಂದ 1ರವರೆಗೆ ಯಾರೂ ಇಲ್ಲ. 1ರಿಂದ 2ರವರೆಗೆ P2 ಒಂದೇ, ಅಲ್ಲಿಗೆ 1. 2ರಿಂದ 5ರವರೆಗೆ P2, P3 ಎರಡು, ಮೂರು ಮಿಲಿಸೆಕೆಂಡು, ಅಲ್ಲಿಗೆ 6. 5ರಿಂದ 7ರವರೆಗೆ ಮೂವರು, ಅಲ್ಲಿಗೆ 6. 7ರಿಂದ 9ರವರೆಗೆ P4, P2 ಇಬ್ಬರು, ಅಲ್ಲಿಗೆ 4. 9ರಿಂದ 12ರವರೆಗೆ P2 ಒಂದೇ, ಅಲ್ಲಿಗೆ 3. ಕೂಡಿದರೆ 20. ಮೇಲಿನ ಒಟ್ಟು ಮೊತ್ತವೇ ಇನ್ನೊಂದು ದಾರಿಯಿಂದ ಬಂತು. ಎರಡೂ ತಾಳೆಯಾದರೆ ಓದುವುದರಲ್ಲಿ ತಪ್ಪಿಲ್ಲ. ಆದರೆ ಸರಿಯಾದ ಪ್ರೊಸೆಸ್ಸನ್ನೇ ಆರಿಸಿದ್ದೀರಾ ಎಂಬುದನ್ನು ಇದು ಹೇಳುವುದಿಲ್ಲ.

‘ಶುರುವಾದ ಸಮಯದಿಂದ ಆಗಮನ ಕಳೆ’ ಎಂಬುದನ್ನು ಮಾತ್ರ ಬಾಯಿಪಾಠ ಮಾಡಿದವರು ಪ್ರೀಎಂಪ್ಟಿವ್ ಲೆಕ್ಕದಲ್ಲಿ ಮತ್ತೆ ಎಡವುತ್ತಾರೆ. ಅಲ್ಲಿ ಪ್ರೊಸೆಸ್ ಒಂದೇ ಸಲ ಶುರುವಾಗುವುದಿಲ್ಲ. ಇದೇ ನಾಲ್ಕನ್ನು ಎಸ್‌ಆರ್‌ಟಿಎಫ್ ಕ್ರಮದಲ್ಲಿ, ಅಂದರೆ ಉಳಿದ ಕೆಲಸ ಯಾರದು ಕಡಿಮೆಯೋ ಅವರಿಗೆ ಸಿಪಿಯು ಎಂಬಂತೆ ಓಡಿಸೋಣ. 1ಕ್ಕೆ P2 ಬಂದಾಗ P1ಗೆ ಇನ್ನೂ 6 ಉಳಿದಿದೆ, P2ರದು 4. P1 ಜಾಗ ಬಿಡುತ್ತದೆ. 2ಕ್ಕೆ P3 ಬಂದಾಗ P2ಗೆ 3 ಉಳಿದಿದೆ, P3ರದು 2. ಈಗ P2 ಜಾಗ ಬಿಡುತ್ತದೆ. 5ಕ್ಕೆ P4 ಬರುವಾಗ ಓಡುತ್ತಿರುವ P2ಗೆ 2 ಮಾತ್ರ ಬಾಕಿ, ಆದ್ದರಿಂದ 3 ಬೇಕಿರುವ P4 ಕಾಯುತ್ತದೆ.

```
| P1 | P2 | P3 | P2 | P4 | P1 |
0    1    2    4    7    10   16
```

ಮೊದಲ ಸಲ ಶುರುವಾದದ್ದರಿಂದ ಆಗಮನ ಕಳೆದರೆ P1, P2, P3 ಮೂರಕ್ಕೂ 0, P4ಗೆ 2, ಸರಾಸರಿ 0.5 ಬರುತ್ತದೆ. ಅದು ರೆಸ್ಪಾನ್ಸ್ ಟೈಮ್, ವೇಟಿಂಗ್ ಟೈಮ್ ಅಲ್ಲ. P1 ನಡುವೆ 1ರಿಂದ 10ರವರೆಗೆ ಸುಮ್ಮನೆ ಕುಳಿತದ್ದು ಅದರಲ್ಲಿ ಬರಲೇ ಇಲ್ಲ. ಕೊನೆಯ ಸಲ ಶುರುವಾದದ್ದರಿಂದ ಕಳೆದರೂ ತಪ್ಪೇ: P1ಗೆ 10 ಬರುತ್ತದೆ, ಆದರೆ ಆ ಹತ್ತರಲ್ಲಿ ಒಂದು ಮಿಲಿಸೆಕೆಂಡು ಅದು ಓಡುತ್ತಿತ್ತು.

ಎಲ್ಲ ಕಡೆಯೂ ನಿಲ್ಲುವ ಸೂತ್ರ ಹಿಂದಿನ ತುದಿಯಿಂದ ಬರುತ್ತದೆ:

```
ಟರ್ನ್‌ಅರೌಂಡ್ = ಮುಗಿದ ಸಮಯ − ಆಗಮನ
ವೇಟಿಂಗ್ = ಟರ್ನ್‌ಅರೌಂಡ್ − ಬರ್ಸ್ಟ್
```

ಪ್ರೊಸೆಸ್ ಬಂದಂದಿನಿಂದ ಮುಗಿಯುವವರೆಗೆ ಓಡುತ್ತಿರಬೇಕು, ಇಲ್ಲವೇ ಕಾಯುತ್ತಿರಬೇಕು. ಓಡಿದ್ದು ಬರ್ಸ್ಟ್‌ನಷ್ಟೇ, ಉಳಿದದ್ದೆಲ್ಲ ಕಾದದ್ದು. ನಡುವೆ ಇನ್‌ಪುಟ್, ಔಟ್‌ಪುಟ್‌ಗೆಂದು ಹೊರಗೆ ಹೋಗುವ ಪ್ರೊಸೆಸ್ ಇದ್ದರೆ ಆ ಹೊತ್ತನ್ನೂ ಕಳೆಯಬೇಕು ಎಂಬುದೊಂದೇ ಇದರ ಮಿತಿ. ನಮ್ಮ ಲೆಕ್ಕದಲ್ಲಿ P1, P2, P3, P4 ಮುಗಿಯುವುದು 16, 7, 4, 10ಕ್ಕೆ. ಆಗಮನ ಕಳೆದರೆ 16, 6, 2, 5. ಬರ್ಸ್ಟ್ ಕಳೆದರೆ 9, 2, 0, 2. ಒಟ್ಟು 13, ಸರಾಸರಿ 3.25. ಸರದಿಯಂತೆ ಸ್ವಲ್ಪ ಸ್ವಲ್ಪ ಹೊತ್ತು ಸಿಪಿಯು ಕೊಡುವ ರೌಂಡ್ ರಾಬಿನ್‌ನಲ್ಲಿ ಎಷ್ಟೇ ತುಂಡುಗಳಾದರೂ ಪ್ರತಿ ಪ್ರೊಸೆಸ್‌ನ ಕೊನೆಯ ತುಂಡು ಮುಗಿದ ಸಮಯವೊಂದನ್ನು ನೋಡಿದರೆ ಸಾಕು.

ಉತ್ತರ ಪತ್ರಿಕೆಯಲ್ಲಿ ಮುಗಿದ ಸಮಯ, ಟರ್ನ್‌ಅರೌಂಡ್, ವೇಟಿಂಗ್ ಮೂರನ್ನೂ ಬೇರೆ ಬೇರೆ ಕಾಲಮ್‌ಗಳಲ್ಲಿ ಬರೆಯಿರಿ. ಹೆಜ್ಜೆಗೆ ಅಂಕ ಕೊಡುವ ಕಡೆ, ಕೊನೆಯ ಸಂಖ್ಯೆ ತಪ್ಪಿದರೂ ತಿದ್ದುವವರಿಗೆ ನೀವು ಎಲ್ಲಿಯವರೆಗೆ ಸರಿಯಿದ್ದಿರಿ ಎಂಬುದು ಕಾಣುತ್ತದೆ. ಗೇಟ್ ಪರೀಕ್ಷೆಯಲ್ಲಿ ಸಂಖ್ಯೆಯನ್ನಷ್ಟೇ ತುಂಬುವ ಪ್ರಶ್ನೆಗಳಿಗೆ ಆ ಅವಕಾಶವಿಲ್ಲ, 5ರ ಬದಲು 7 ಬರೆದರೆ ಸರಿಯಾದ ಚಾರ್ಟಿಗೂ ಬೆಲೆ ಸಿಗದು.

ಇನ್ನೊಂದು ಸಂದರ್ಭ ಉಳಿದಿದೆ. P1 0ಗೆ ಬಂದು 3ಕ್ಕೆ ಮುಗಿಯಿತು, P2 ಬರುವುದು 5ಕ್ಕೆ ಎಂದಿಟ್ಟುಕೊಳ್ಳಿ. ಚಾರ್ಟಿನಲ್ಲಿ ಖಾಲಿ ಜಾಗ ಬಿಡಲು ಕೈ ಹಿಂಜರಿಯುತ್ತದೆ, P2ನ್ನು 3ಕ್ಕೇ ತಂದು ಅಂಟಿಸಿಬಿಡುತ್ತೇವೆ. ಅಲ್ಲಿ 3 − 5 ಮಾಡಿದರೆ ಮತ್ತೆ ಅದೇ ಮೈನಸ್ 2. 3ರಿಂದ 5ರವರೆಗೆ ಒಂದು ಚೌಕ ಬಿಡಿಸಿ, ಅದರೊಳಗೆ ‘ಐಡಲ್’ ಎಂದು ಬರೆದು, P2ನ್ನು 5ರಿಂದ ಶುರು ಮಾಡಿ.