ಹಾಟ್‌ಸ್ಪಾಟ್ ಆನ್ ಮಾಡಿದಾಗ ಯಾವ ಸಿಮ್ ಡೇಟಾ ಖರ್ಚಾಗುತ್ತದೆ?

ಎರಡು ಸಿಮ್ ಇರುವ ಫೋನಿನಲ್ಲಿ ಹಾಟ್‌ಸ್ಪಾಟ್ ಸೆಟ್ಟಿಂಗ್ ತೆರೆದು ನೋಡಿ. ಹೆಸರು, ಪಾಸ್‌ವರ್ಡ್ ಎಲ್ಲ ಇರುತ್ತದೆ, ಸಿಮ್ ಆರಿಸುವ ಜಾಗ ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಯಾಕೆಂದರೆ ಹಾಟ್‌ಸ್ಪಾಟ್‌ಗೆ ತನ್ನದೇ ಅಂತ ಒಂದು ಸಿಮ್ ಇಲ್ಲ. ಆ ಹೊತ್ತಿಗೆ ಫೋನಿನ ಇಂಟರ್ನೆಟ್ ಯಾವ ಸಿಮ್ಮಿನಿಂದ ಬರುತ್ತಿದೆಯೋ ಅದನ್ನೇ ಹಂಚುತ್ತದೆ, ಅಷ್ಟೇ. ಈ ಸಿಮ್ಮಿಗೇ ಡೀಫಾಲ್ಟ್ ಡೇಟಾ ಸಿಮ್ ಅನ್ನುವುದು.

ಹಾಗಾಗಿ ಬದಲಾಯಿಸಬೇಕಾದ ಜಾಗ ಬೇರೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ SIMs ಅಥವಾ SIM manager ಅಂತ ಇರುತ್ತದೆ, ಅಲ್ಲಿ Mobile data ಒತ್ತಿ ಬೇಕಾದ ಸಿಮ್ ಆರಿಸಿ. ಐಫೋನಿನಲ್ಲೂ ಮೊಬೈಲ್ ಸೆಟ್ಟಿಂಗ್ ಒಳಗೆ Mobile Data ಅಂತಲೇ ಇದೆ. ಕರೆಗೆ ಆರಿಸಿದ ಸಿಮ್ ಬೇರೆ, ಡೇಟಾ ಸಿಮ್ ಬೇರೆ, ಒಂದನ್ನು ಮುಟ್ಟಿದರೆ ಇನ್ನೊಂದು ಬದಲಾಗುವುದಿಲ್ಲ. ಹಾಟ್‌ಸ್ಪಾಟ್ ಆನ್ ಇರುವಾಗಲೇ ಸಿಮ್ ಬದಲಿಸಿದರೆ ಲ್ಯಾಪ್‌ಟಾಪ್‌ನ ವೈಫೈ ಸಾಮಾನ್ಯವಾಗಿ ಹಾಗೇ ಉಳಿದರೂ ಹೊರಗಿನ ಐಪಿ ವಿಳಾಸ ಬದಲಾಗುವುದರಿಂದ ನಡೆಯುತ್ತಿದ್ದ ವಿಡಿಯೊ ಕಾಲ್ ಅಥವಾ ಡೌನ್‌ಲೋಡ್ ತುಂಡಾಗಬಹುದು. ಮೊದಲು ಸಿಮ್ ಆರಿಸಿ, ಆಮೇಲೆ ಹಾಟ್‌ಸ್ಪಾಟ್ ಹಾಕುವುದು ಒಳ್ಳೆಯದು.

ನಿಜವಾದ ತಲೆನೋವು ಕರೆ ಬಂದಾಗ. ಒಂದನೇ ಸಿಮ್ ಕರೆಗೆ, ಅದರಲ್ಲಿ ಡೇಟಾ ಕಡಿಮೆ. ಎರಡನೇದರಲ್ಲಿ ಜಾಸ್ತಿ ಇದೆ, ಅದನ್ನೇ ಡೇಟಾಗೆ ಇಟ್ಟಿದ್ದೀರಿ, ಲ್ಯಾಪ್‌ಟಾಪ್‌ನಲ್ಲಿ ದೊಡ್ಡ ಅಪ್‌ಡೇಟ್ ಇಳಿಯುತ್ತಿದೆ. ಈಗ ಒಂದನೇ ಸಿಮ್ಮಿಗೆ ಕರೆ ಬಂತು. ಹೆಚ್ಚಿನ ಫೋನ್‌ಗಳಲ್ಲಿ ಎರಡೂ ಸಿಮ್ ಕಾಯುತ್ತಿರುತ್ತವೆ, ಆದರೆ ಒಂದರಲ್ಲಿ ಮಾತು ಶುರುವಾದರೆ ಇನ್ನೊಂದರ ಡೇಟಾ ನಿಲ್ಲುತ್ತದೆ. ವೈಫೈ ಗುರುತು ಹಾಗೇ ಇದ್ದು ಇಂಟರ್ನೆಟ್ ಮಾತ್ರ ಸತ್ತಿದ್ದರೆ ಕಾರಣ ಇದೇ ಇರಬಹುದು.

ಇದನ್ನು ತಪ್ಪಿಸಲು ಫೋನಿನಲ್ಲಿ Data during calls, Auto data switching, ಐಫೋನಿನಲ್ಲಾದರೆ Allow Mobile Data Switching ಅನ್ನುವ ಸ್ವಿಚ್ ಇರುತ್ತದೆ. ಅದು ಆನ್ ಇದ್ದರೆ ಮಾತು ಮುಗಿಯುವವರೆಗೆ ಡೇಟಾ ಒಂದನೇ ಸಿಮ್ಮಿಗೆ ಹಾರಬಹುದು. ಫೋನಿಗೆ ಅನುಕೂಲವೇ, ಆದರೆ ಹಾಟ್‌ಸ್ಪಾಟ್ ಹಾಕಿದ್ದರೆ ಆ ಅಪ್‌ಡೇಟ್ ನಿಮ್ಮ ಪುಟ್ಟ ಪ್ಯಾಕನ್ನೇ ನುಂಗಬಹುದು, ಲ್ಯಾಪ್‌ಟಾಪ್‌ಗೆ ಸಿಮ್ ಬದಲಾಗಿದ್ದು ಏನು ಗೊತ್ತು? ಒಂದು ಸಿಮ್ಮಿನ ಪ್ಯಾಕ್ ಚಿಕ್ಕದಿದ್ದರೆ ನಾನಂತೂ ಈ ಸ್ವಿಚ್ ಆಫ್ ಇಡುವುದೇ ಸರಿ ಅನ್ನುತ್ತೇನೆ. ಕರೆ ನಡೆಯುವಷ್ಟು ಹೊತ್ತು ಡೌನ್‌ಲೋಡ್ ಕಾದರೆ ಕಾಯಲಿ.

ಅನುಮಾನ ಬಂದರೆ ಡೇಟಾ ಬಳಕೆಯ ಪುಟದಲ್ಲಿ ಸಿಮ್ ಪ್ರಕಾರ ಲೆಕ್ಕ ನೋಡಿ. ಎರಡರಲ್ಲೂ ಅಂಕಿ ಏರದಿದ್ದರೆ ಫೋನ್ ತಾನೇ ಯಾವುದೋ ವೈಫೈಗೆ ಸೇರಿಕೊಂಡು ಅದನ್ನೇ ಹಂಚುತ್ತಿರಬಹುದು, ಕೆಲವು ಆಂಡ್ರಾಯ್ಡ್ ಫೋನ್‌ಗಳು ಹಾಗೆ ಮಾಡುತ್ತವೆ. ಸಿಮ್ಮಿನಿಂದಲೇ ಬರಬೇಕು ಅಂದರೆ ಆ ವೈಫೈನಿಂದ ಹೊರಬನ್ನಿ.