ಡಿಪೆಂಡ್ ಆದಮೇಲೆ ಆನ್ ಯಾಕೆ?

ಶಾಲೆಯಲ್ಲಿದ್ದಾಗ ಒಂದು ಇಂಗ್ಲಿಷ್ ಪತ್ರದಲ್ಲಿ ‘ಡೋಂಟ್ ಬಿ ಆಂಗ್ರಿ ಆನ್ ಮಿ’ ಅಂತ ಬರೆದಿದ್ದೆ. ಮೇಷ್ಟ್ರು ‘ಆನ್’ ಹೊಡೆದು ಹಾಕಿ, ಕೆಂಪು ಶಾಯಿಯಲ್ಲಿ ‘ವಿತ್’ ಅಂತ ಬರೆದರು. ಯಾಕೆ ಸರ್ ಅಂತ ಕೇಳಿದೆ. ‘ಅದು ಹಾಗೇನೇ’ ಅಂದರು. ನನಗೆ ಸಮಾಧಾನ ಆಗಲಿಲ್ಲ. ಕೋಪ ಬರುವುದು ಒಬ್ಬರ ಮೇಲೆ ತಾನೆ? ಒಬ್ಬರ ಜೊತೆ ಸೇರಿಕೊಂಡು ಯಾರಾದರೂ ಕೋಪ ಮಾಡಿಕೊಳ್ಳುತ್ತಾರಾ?

ಮೇಷ್ಟ್ರು ಹೇಳಿದ್ದು ಅರ್ಧ ನಿಜ. ಉಳಿದರ್ಧ ಹುಡುಕಲು ಹೊರಟರೆ ಒಳ್ಳೆಯ ಕಥೆ ಸಿಗುತ್ತದೆ.

ಮೊದಲು ಒಂದು ವಾಕ್ಯ ನೋಡೋಣ. ‘ಹಿ ಡಿಸೈಡೆಡ್ ಆನ್ ದ ಟ್ರೇನ್.’ ಇದಕ್ಕೆ ಎರಡು ಅರ್ಥ ಇದೆ. ಒಂದು, ಬಸ್ಸು ಬೇಡ, ರೈಲೇ ಸರಿ ಅಂತ ಅವನು ತೀರ್ಮಾನಿಸಿದ. ಇನ್ನೊಂದು, ಅವನು ರೈಲಿನಲ್ಲಿ ಕೂತಿದ್ದಾಗ ಏನನ್ನೋ ತೀರ್ಮಾನಿಸಿದ. ಪದಗಳು ಅವೇ, ಅವುಗಳ ಸಾಲೂ ಅದೇ. ಆದರೆ ‘ಆನ್’ ಮಾಡುತ್ತಿರುವ ಕೆಲಸ ಬೇರೆ. ಎರಡನೇ ಅರ್ಥದಲ್ಲಿ ಅದು ರೈಲಿನ ಕಡೆಯದು, ಜಾಗ ತೋರಿಸುತ್ತದೆ. ಅದರ ಬದಲು ‘ನಿಯರ್ ದ ಟ್ರೇನ್’, ‘ಬಿಹೈಂಡ್ ದ ಟ್ರೇನ್’ ಅಂತ ಏನು ಬೇಕಾದರೂ ಹಾಕಬಹುದು. ‘ಎಲ್ಲಿ ತೀರ್ಮಾನಿಸಿದ?’ ಅಂತಲೂ ಕೇಳಬಹುದು. ಮೊದಲನೇ ಅರ್ಥದಲ್ಲಿ ಅದು ‘ಡಿಸೈಡ್’ ಕಡೆಯದು. ಅಲ್ಲಿ ‘ಎಲ್ಲಿ’ ಅಂತ ಕೇಳಲು ಬರುವುದಿಲ್ಲ, ‘ಯಾವುದನ್ನು’ ಅಂತಲೇ ಕೇಳಬೇಕು. ‘ಆನ್’ ಬದಲಿಸಿದರೆ ಆ ಅರ್ಥವೇ ಹೋಗಿಬಿಡುತ್ತದೆ.

ಬೇಕಿದ್ದರೆ ಎರಡನ್ನೂ ಒಂದೇ ವಾಕ್ಯದಲ್ಲಿ ಕೂರಿಸಬಹುದು. ‘ಹಿ ಡಿಸೈಡೆಡ್ ಆನ್ ಅ ಬೋಟ್ ಆನ್ ದ ಟ್ರೇನ್.’ ರೈಲಿನಲ್ಲಿ ಕೂತವನು ದೋಣಿಯನ್ನು ಆರಿಸಿಕೊಂಡ. ಇಲ್ಲಿ ಅಂಟಿಕೊಂಡ ‘ಆನ್’ ಕ್ರಿಯಾಪದದ ಪಕ್ಕದಲ್ಲೇ ಇದೆ, ಜಾಗದ ‘ಆನ್’ ಆಚೆ ಇದೆ. ಬೋಟನ್ನೂ ಟ್ರೇನನ್ನೂ ಅದಲು ಬದಲು ಮಾಡಿದರೆ ದೋಣಿಯಲ್ಲಿ ಕೂತವನು ರೈಲನ್ನು ಆರಿಸಿಕೊಂಡಂತೆ ಆಗುತ್ತದೆ. ಇಂಗ್ಲಿಷ್ ಕೇಳಿ ಬೆಳೆದವರ ಕಿವಿಗೆ ಇದು ತಾನಾಗಿ ಗೊತ್ತಾಗುತ್ತದೆ. ನಮ್ಮಂಥವರು ‘ಎಲ್ಲಿ?’ ಅಂತ ಕೇಳಿ ನೋಡಿದರೆ ಸಾಕು. ‘ಎಲ್ಲಿ’ಗೆ ಉತ್ತರ ಸಿಗದಿದ್ದರೆ ಆ ಪ್ರಿಪೊಸಿಷನ್ ಪದಕ್ಕೆ ಅಂಟಿಕೊಂಡಿದೆ ಅಂತ ಬಹುಮಟ್ಟಿಗೆ ಹೇಳಬಹುದು.

‘ಡಿಪೆಂಡ್ ಆನ್’ ಈ ಅಂಟಿಕೊಂಡ ಜಾತಿಗೆ ಸೇರಿದ್ದು. ‘ಇಟ್ ಡಿಪೆಂಡ್ಸ್ ಆನ್ ದ ರೇನ್’ ಅಂದರೆ ಏನೂ ಮಳೆಯ ಮೇಲೆ ಕೂತಿಲ್ಲ. ಹಾಗಾದರೆ ಈ ‘ಆನ್’ ಎಲ್ಲಿಂದ ಬಂತು?

‘ಡಿಪೆಂಡ್’ನ ಮೂಲ ಲ್ಯಾಟಿನ್. ‘ಪೆಂಡೆರೆ’ ಅಂದರೆ ನೇತಾಡು. ‘ಡೆ’ ಅಂದರೆ ಕೆಳಕ್ಕೆ, ಒಂದರಿಂದ ಆಚೆಗೆ. ಎರಡೂ ಸೇರಿದರೆ ‘ಒಂದರಿಂದ ಕೆಳಕ್ಕೆ ನೇತಾಡು’. ಗಡಿಯಾರದ ಪೆಂಡುಲಮ್, ಸರದ ಪೆಂಡೆಂಟ್ ಎಲ್ಲ ಇದೇ ಮನೆಯವು. ಮೇಲೊಂದು ಕೊಂಬೆ ಇದೆ, ಅದರಿಂದ ಏನೋ ಇಳಿಬಿದ್ದಿದೆ. ಕೊಂಬೆ ಮುರಿದರೆ ಅದೂ ಬೀಳುತ್ತದೆ. ಅವಲಂಬನೆಗೆ ಇದಕ್ಕಿಂತ ಒಳ್ಳೆಯ ಚಿತ್ರ ಬೇಕಾ? ಈ ಚಿತ್ರಕ್ಕೆ ಸರಿಹೊಂದುವುದು ‘ಇಂದ’. ಯುರೋಪಿನ ಹಲವು ಭಾಷೆಗಳು ಹಾಗೆಯೇ ಉಳಿಸಿಕೊಂಡಿವೆ. ಫ್ರೆಂಚರು ‘ಡೆ’ ಹಾಕುತ್ತಾರೆ, ಇಟಲಿಯವರು ‘ದಾ’, ಜರ್ಮನ್ನರು ‘ಫಾನ್’. ಎಲ್ಲದರಲ್ಲೂ ‘ಇಂದ’ದ ಛಾಯೆ ಇದೆ. ಜರ್ಮನ್ ಪದ ‘ಅಬ್‌ಹೆಂಗೆನ್’ ಅಂತೂ ನೇರವಾಗಿ ‘ಇಳಿಬಿದ್ದು ನೇತಾಡು’ ಅಂತಲೇ ಹೇಳುತ್ತದೆ.

ಇಂಗ್ಲಿಷ್ ಈ ಪದವನ್ನು ಫ್ರೆಂಚಿನಿಂದ ತೆಗೆದುಕೊಂಡಿತು. ಮೊದಮೊದಲು ಅದರ ಹಿಂದೆ ಬೇರೆ ಬೇರೆ ಪ್ರಿಪೊಸಿಷನ್‌ಗಳು ಓಡಾಡುತ್ತಿದ್ದವು. ‘ಡಿಪೆಂಡ್ ಆಫ್’ ಅಂತಲೂ ಬರೆಯುತ್ತಿದ್ದರು. ಕೊನೆಗೆ ಗೆದ್ದಿದ್ದು ‘ಆನ್’. ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ನೇತಾಡುವುದಕ್ಕೆ ಇಂಗ್ಲಿಷಿನ ಸ್ವಂತ ಪದ ‘ಹ್ಯಾಂಗ್’ ಆಗಲೇ ಇತ್ತು. ಅದರ ಜೊತೆ ಬರುತ್ತಿದ್ದುದು ‘ಆನ್’. ಕೋಟು ಗೂಟಕ್ಕೆ ತೂಗಿದರೂ, ಚಿತ್ರ ಗೋಡೆಗೆ ತೂಗಿದರೂ ‘ಹ್ಯಾಂಗ್ ಆನ್’. ಇಂಗ್ಲಿಷಿನ ‘ಆನ್’ ಅಂದರೆ ತಲೆಯ ಮೇಲೆ ಅಂತ ಅಲ್ಲ, ತಾಗಿಕೊಂಡು, ಆಸರೆ ಪಡೆದು ಅಂತ. ಅದಕ್ಕೇ ಛಾವಣಿಗೆ ತಲೆಕೆಳಗಾಗಿ ಅಂಟಿದ ನೊಣವೂ ಅವರ ಪ್ರಕಾರ ‘ಆನ್ ದ ಸೀಲಿಂಗ್’. ಹೊಸದಾಗಿ ಬಂದ ‘ಡಿಪೆಂಡ್’ ಹಳೆಯ ‘ಹ್ಯಾಂಗ್’ನ ಪಕ್ಕದಲ್ಲಿ ಕೂತು ಅದರ ‘ಆನ್’ ಎರವಲು ಪಡೆಯಿತು ಅನ್ನುವುದು ಒಪ್ಪುವಂಥ ಮಾತು.

ಹಳೆಯ ‘ಇಂದ’ ಪೂರ್ತಿ ಸತ್ತಿಲ್ಲ. ಅಮೆರಿಕದ ಪೇಟೆಂಟ್ ವಕೀಲರ ಬರಹ ನೋಡಿ. ಅಲ್ಲಿ ಎರಡನೇ ಕ್ಲೇಮು ಒಂದನೇ ಕ್ಲೇಮನ್ನು ಆಧರಿಸಿದ್ದರೆ ‘ಕ್ಲೇಮ್ ಟೂ ಡಿಪೆಂಡ್ಸ್ ಫ್ರಮ್ ಕ್ಲೇಮ್ ಒನ್’ ಅಂತ ಬರೆಯುತ್ತಾರೆ. ತಪ್ಪಲ್ಲ, ಆ ಕಸುಬಿನ ಭಾಷೆಯೇ ಹಾಗೆ. ಶಾಲೆಯಲ್ಲಿ ಬರೆದಿದ್ದರೆ ಕೆಂಪು ಶಾಯಿ ಗ್ಯಾರಂಟಿ.

ಈಗ ನಿಜವಾದ ತಮಾಷೆ. ‘ಡಿಪೆಂಡೆಂಟ್ ಆನ್’ ಸರಿ. ಅದಕ್ಕೊಂದು ‘ಇನ್’ ಸೇರಿಸಿ ವಿರುದ್ಧ ಪದ ಮಾಡಿದರೆ ‘ಇಂಡಿಪೆಂಡೆಂಟ್ ಆನ್’ ಆಗಬೇಕಿತ್ತು ಅಲ್ವಾ? ಆಗಲ್ಲ. ಅದು ‘ಇಂಡಿಪೆಂಡೆಂಟ್ ಆಫ್’. ಇಂಗ್ಲಿಷ್ ಕಲಿಯುವವರು ಎಡವುವ ಜಾಗ ಇದು. ಇಲ್ಲಿ ‘ಆಫ್’ಗೆ ‘ಅದರ’ ಅನ್ನುವ ಅರ್ಥ ಹಚ್ಚಿ ನೋಡಿದರೆ ಏನೂ ಹೊಳೆಯುವುದಿಲ್ಲ. ಆದರೆ ಹಳೆಯ ಇಂಗ್ಲಿಷಿನಲ್ಲಿ ‘ಆಫ್’ ಅಂದರೆ ‘ಇಂದ, ದೂರ’. ‘ಅದರ’ ಅನ್ನುವ ಅರ್ಥ ಮುಖ್ಯವಾಗಿದ್ದು ಆಮೇಲೆ. ಫ್ರೆಂಚಿನ ‘ಡೆ’ಗೆ ಸಮನಾದ ಪದ ಬೇಕಾದಾಗಲೂ ಇಂಗ್ಲಿಷಿನವರ ಕೈಗೆ ಸಿಗುತ್ತಿದ್ದುದು ಇದೇ ‘ಆಫ್’. ‘ಡಿಪೆಂಡೆಂಟ್’ ಹಳೇ ನಂಟು ಬಿಟ್ಟು ‘ಆನ್’ ಕಡೆ ಹೋಯಿತು, ಮಗ ‘ಇಂಡಿಪೆಂಡೆಂಟ್’ ಅಜ್ಜನ ಮನೆಯಲ್ಲೇ ಉಳಿದುಕೊಂಡ. ದೇಶದ ಸ್ವಾತಂತ್ರ್ಯದ ಮಾತು ಬಂದಾಗ ‘ಇಂಡಿಪೆಂಡೆನ್ಸ್ ಫ್ರಮ್’ ಅನ್ನುತ್ತಾರಲ್ಲ, ಅಲ್ಲೂ ಅದೇ ‘ಇಂದ’ ಬೇರೆ ಅಂಗಿ ತೊಟ್ಟು ನಿಂತಿದೆ.

ಕನ್ನಡದಲ್ಲಿ ಬರೆಯುವಾಗ ಇಲ್ಲೊಂದು ತೊಡಕು. ಒಂದು ಎಫ್ ಇರುವುದನ್ನೂ, ಎರಡು ಎಫ್ ಇರುವುದನ್ನೂ ನಾವು ‘ಆಫ್’ ಅಂತಲೇ ಬರೆಯುತ್ತೇವೆ. ಸುಮ್ನೆ ಗೊಂದಲ ಅನ್ನಿಸಬಹುದು. ಆದರೆ ಗೊತ್ತಿಲ್ಲದೇ ನಾವು ಮಾಡಿದ್ದು ಸರಿಯೇ. ಮೂಲದಲ್ಲಿ ಅವೆರಡೂ ಒಂದೇ ಪದ. ಒತ್ತಿ ಹೇಳಿದಾಗ ಎರಡು ಎಫ್‌ನದು, ಒತ್ತದೆ ಹೇಳಿದಾಗ ಒಂದು ಎಫ್‌ನದು. ಬರಹದಲ್ಲಿ ಅವು ಸ್ಪಷ್ಟವಾಗಿ ಬೇರೆಯಾಗಲು ಬಹಳ ಕಾಲ ಹಿಡಿಯಿತು.

ಇದು ತಿಳಿದ ಮೇಲೆ ಒಂದು ಗುಂಪಿಗೆ ಗುಂಪೇ ಅರ್ಥವಾಗುತ್ತದೆ. ‘ರಾಬ್ ಆಫ್’, ‘ಡಿಪ್ರೈವ್ ಆಫ್’, ‘ರಿಡ್ ಆಫ್’, ‘ಕ್ಯೂರ್ ಆಫ್’, ‘ಫ್ರೀ ಆಫ್’. ಕಸಿದುಕೊಳ್ಳುವುದು, ತಪ್ಪಿಸುವುದು, ತೊಲಗಿಸುವುದು, ರೋಗ ಕಳೆಯುವುದು, ಬಿಡುಗಡೆ. ಎಲ್ಲದರಲ್ಲೂ ಏನೋ ಒಂದು ದೂರ ಹೋಗುತ್ತಿದೆ. ‘ಇಂಡಿಪೆಂಡೆಂಟ್ ಆಫ್’ ಕೂಡ ಇದೇ ಸಾಲಿನಲ್ಲಿ ಕೂರುತ್ತದೆ. ಬಿಡಿ ಬಿಡಿಯಾಗಿ ಉರು ಹೊಡೆಯುವುದಕ್ಕಿಂತ ಹೀಗೆ ಗುಂಪು ಹಿಡಿಯುವುದು ನನಗೆ ಜಾಸ್ತಿ ಕೆಲಸಕ್ಕೆ ಬಂದಿದೆ.

ಚಿತ್ರ ಸ್ಪಷ್ಟವಾಗಿದ್ದರೂ ಕೆಲವೊಮ್ಮೆ ಎಳೆದಾಟ ನಿಲ್ಲುವುದಿಲ್ಲ. ‘ಡಿಫರೆಂಟ್’ ತೆಗೆದುಕೊಳ್ಳಿ. ಅದರ ಲ್ಯಾಟಿನ್ ಬೇರು ‘ಬೇರೆ ಕಡೆಗೆ ಒಯ್ಯು’ ಅಂತ. ಹಾಗಾಗಿ ‘ಫ್ರಮ್’ ಚೆನ್ನಾಗಿ ಒಪ್ಪುತ್ತದೆ. ಆದರೆ ಬ್ರಿಟನ್ನಿನಲ್ಲಿ ‘ಡಿಫರೆಂಟ್ ಟು’ ಕೂಡ ಬಳಕೆಯಲ್ಲಿದೆ, ‘ಸಿಮಿಲರ್ ಟು’ವಿನ ಸಹವಾಸ ಇರಬೇಕು. ಅಮೆರಿಕದಲ್ಲಿ ‘ಡಿಫರೆಂಟ್ ದ್ಯಾನ್’ ಕೇಳಿಬರುತ್ತದೆ, ಹೋಲಿಕೆ ಮಾಡುವಾಗ ‘ದ್ಯಾನ್’ ಬರುವುದು ರೂಢಿಯಲ್ಲವೇ. ‘ದ್ಯಾನ್’ ತಪ್ಪು ಅಂತ ವಾದಿಸುವವರು ಇದ್ದಾರೆ. ನನಗೇನೋ ಆ ವಾದ ಹಿಡಿಸುವುದಿಲ್ಲ. ‘ಡಿಫರೆಂಟ್ ದ್ಯಾನ್ ಐ ಎಕ್ಸ್‌ಪೆಕ್ಟೆಡ್’ ಅಂದರೆ ಮುಗಿಯಿತು. ‘ಫ್ರಮ್’ ಹಾಕಿದರೆ ಮಧ್ಯೆ ಒಂದು ‘ವಾಟ್’ ಬೇಕಾಗುತ್ತದೆ. ನಾವೂ ‘ಅದರಿಂದ ಬೇರೆ’ ಅಂತಲೂ ‘ಅದಕ್ಕಿಂತ ಬೇರೆ’ ಅಂತಲೂ ಹೇಳುತ್ತೇವೆ, ಯಾರೂ ಜಗಳ ಆಡುವುದಿಲ್ಲ. ಅಂದಹಾಗೆ ಈ ಎಳೆದಾಟ ಗುಣವಾಚಕದಲ್ಲಿ ಮಾತ್ರ. ಕ್ರಿಯಾಪದ ‘ಡಿಫರ್’ ಗಟ್ಟಿಯಾಗಿ ‘ಫ್ರಮ್’ ಹಿಡಿದುಕೊಂಡಿದೆ. ‘ಡಿಫರ್ ದ್ಯಾನ್’ ಅಂದರೆ ಅಮೆರಿಕದವರಿಗೂ ಕಿವಿಗೆ ಒರಟು.

ಬೇರು ಗೊತ್ತಾದರೆ ಪ್ರಿಪೊಸಿಷನ್ ತಾನಾಗಿ ಹೊಳೆಯುತ್ತದೆ ಅಂದುಕೊಳ್ಳಬೇಡಿ. ‘ಇಂಟರೆಸ್ಟ್’ನ ಲ್ಯಾಟಿನ್ ಮೂಲಕ್ಕೆ ‘ನಡುವೆ ಇರು’ ಅಂತ ಅರ್ಥ. ಅದರಿಂದ ‘ಇಂಟರೆಸ್ಟೆಡ್ ಇನ್’ ಸಹಜ ಅನ್ನಿಸುತ್ತದೆ. ನಾವೂ ‘ಸಂಗೀತದಲ್ಲಿ ಆಸಕ್ತಿ’ ಅನ್ನುತ್ತೇವೆ, ಖುಷಿಯಾಗುತ್ತದೆ. ಆದರೆ ಫ್ರೆಂಚರು ಅದೇ ಪದಕ್ಕೆ ‘ಗೆ’ ಅರ್ಥದ ‘ಆ’ ಹಚ್ಚುತ್ತಾರೆ. ಇಂಗ್ಲಿಷಿನೊಳಗೇ ನೋಡಿ: ‘ಪ್ರೌಡ್ ಆಫ್’, ‘ಟೇಕ್ ಪ್ರೈಡ್ ಇನ್’, ‘ಪ್ರೈಡ್ ಒನ್‌ಸೆಲ್ಫ್ ಆನ್’. ಹೆಮ್ಮೆ ಒಂದೇ, ಬಾಲ ಮೂರು. ಬೇರಿನ ಕಥೆಯಿಂದ ಆದದ್ದು ಯಾಕೆ ಆಯಿತು ಅಂತ ಹೇಳಬಹುದು. ಮುಂದೆ ಯಾವುದು ಬರುತ್ತದೆ ಅಂತ ಹೇಳಲು ಆಗುವುದಿಲ್ಲ. ಅಲ್ಲಿಗೆ ಮೇಷ್ಟ್ರ ‘ಹಾಗೇನೇ’ ಮತ್ತೆ ಬಂತು.

ಇದು ಇಂಗ್ಲಿಷಿನ ರೋಗ ಮಾತ್ರ ಅಲ್ಲ. ಸಂಸ್ಕೃತದಲ್ಲಿ ಕಳ್ಳನಿಗೆ ಹೆದರುವುದಿಲ್ಲ, ಕಳ್ಳನಿಂದ ಹೆದರುತ್ತಾರೆ. ಹೆದರುವ, ಕಾಪಾಡುವ ಅರ್ಥದ ಕ್ರಿಯಾಪದ ಬಂದರೆ ಭಯಕ್ಕೆ ಕಾರಣವಾದದ್ದಕ್ಕೆ ಪಂಚಮಿ ವಿಭಕ್ತಿ ಬರುವಂತೆ ಪಾಣಿನಿ ಪ್ರತ್ಯೇಕ ಸೂತ್ರವನ್ನೇ ಬರೆದಿದ್ದಾನೆ. ನಾವು ಮಾತ್ರ ‘ಹಾವಿಗೆ ಹೆದರುತ್ತೇನೆ’ ಅನ್ನುತ್ತೇವೆ. ಹಾವಿಗೆ ನಾವೇನೂ ಕೊಡುತ್ತಿಲ್ಲ, ಆದರೂ ‘ಗೆ’. ಕನ್ನಡ ಕಲಿಯುವ ಹೊರಗಿನವರು ಯಾಕೆ ಅಂತ ಕೇಳಿದರೆ ನಾವು ಹೇಳುವುದೂ ಅದೇ: ಅದು ಹಾಗೇನೇ.

ಇನ್ನು ನಮ್ಮ ‘ಅವಲಂಬನೆ’. ಬಿಡಿಸಿದರೆ ‘ಅವ’ ಅಂದರೆ ಕೆಳಕ್ಕೆ, ‘ಲಂಬ’ ಅಂದರೆ ಇಳಿಬಿದ್ದದ್ದು, ನೇತಾಡುವುದು. ಲ್ಯಾಟಿನ್ನಿನ ‘ಡೆ’ ಮತ್ತು ‘ಪೆಂಡೆರೆ’ಗೆ ಪಡಿಯಚ್ಚು! ಎರಡೂ ಕಡೆಯವರಿಗೆ ಕೊಂಬೆಗೆ ಜೋತುಬಿದ್ದದ್ದೇ ಕಣ್ಣಿಗೆ ಬಿದ್ದಿದೆ. ಕನ್ನಡದಲ್ಲಿ ಇದಕ್ಕೆ ‘ಅನ್ನು’ ಬರುತ್ತದೆ: ‘ಬೆಳೆ ಮಳೆಯನ್ನು ಅವಲಂಬಿಸಿದೆ’. ಆದರೆ ‘ಮಳೆಯ ಮೇಲೆ ಅವಲಂಬಿತವಾಗಿದೆ’ ಅಂತಲೂ ಈಗ ಧಾರಾಳವಾಗಿ ಓದಲು ಸಿಗುತ್ತದೆ. ಆ ‘ಮೇಲೆ’ಯಲ್ಲಿ ನನಗಂತೂ ಇಂಗ್ಲಿಷಿನ ‘ಆನ್’ ಕೇಳಿಸುತ್ತದೆ. ನಾನೂ ಎಷ್ಟೋ ಸಲ ಹಾಗೆ ಬರೆದಿದ್ದೇನೆ. ಅತ್ತ ಇಂಗ್ಲಿಷಿನಲ್ಲಿ, ಮುಖ್ಯವಾಗಿ ಅಮೆರಿಕದ ಎಳೆಯರ ಮಾತಿನಲ್ಲಿ, ‘ಬೇಸ್ಡ್ ಆನ್’ ಜಾಗಕ್ಕೆ ‘ಬೇಸ್ಡ್ ಆಫ್’ ಬರುತ್ತಿದೆ, ಎರಡು ಎಫ್‌ನದು. ಅಡಿಪಾಯದ ಮೇಲೆ ನಿಂತಿದ್ದದ್ದು ಅಡಿಪಾಯದಿಂದ ಹೊರಟಂತೆ. ಅಲ್ಲಿನ ಮೇಷ್ಟ್ರುಗಳು ಸದ್ಯಕ್ಕೆ ಅದಕ್ಕೂ ಕೆಂಪು ಶಾಯಿ ಹಾಕುತ್ತಿದ್ದಾರೆ.